ಮೊಸಳೆ ಬಾಯಿಗಿಂತ ರೊಟ್ಟಿ ಕಥೆ ಲೇಸು

ಬ್ಯಾಂಕ್ ಪರೀಕ್ಷೆಗೋ, ಶಿಕ್ಷಕರ ನೇಮಕಾತಿಗೋ ಓದುತ್ತಿರುವ ಗೆಳೆಯರೇ, ಒಂದು ಸಣ್ಣ ಪ್ರಯೋಗ ಮಾಡಿ. 4 < 7 ಎಂದು ಬರೆದು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ. ನಮ್ಮಲ್ಲಿ ಹೆಚ್ಚಿನವರು ಓದುವ ಮೊದಲು ಒಂದು ಕ್ಷಣ ತಡೆಯುತ್ತೇವೆ. ಬಾಯಿ ಯಾವ ಕಡೆ ತೆರೆದಿದೆ ಎಂದು ನೋಡಿಕೊಂಡು ‘ಏಳು ದೊಡ್ಡದು’ ಎನ್ನುತ್ತೇವೆ. ಮಾತು ಸರಿಯೇ. ಆದರೆ 4 < 7 ಎಂಬುದು ಏಳರ ಬಗ್ಗೆ ಹೇಳಿದ ವಾಕ್ಯವಲ್ಲ. ಅದು ನಾಲ್ಕರಿಂದ ಶುರುವಾಗುತ್ತದೆ: ನಾಲ್ಕು, ಏಳಕ್ಕಿಂತ ಕಡಿಮೆ. ಚಿಹ್ನೆಯನ್ನು ಸರಿಯಾಗಿ ಹಾಕಲು ಬರುವ ನಮಗೆ ಅದನ್ನು ಓದಲು ತಡವರಿಕೆ ಯಾಕೆ? ಇದರ ಬೇರು ಒಂದನೇ ತರಗತಿಯಲ್ಲಿದೆ ಎಂಬುದು ನನ್ನ ಅನಿಸಿಕೆ.

ಮುದಗಲ್‌ನ ನಮ್ಮ ಓಣಿಯಲ್ಲಿ ಸಂಜೆ ಹೊತ್ತು ಆರೇಳು ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತೇನೆ. ಅವರ ನೋಟ್‌ಬುಕ್ ತೆರೆದರೆ ಎರಡು ಸಂಖ್ಯೆಗಳ ನಡುವೆ ಖಾಲಿ ಚೌಕ ಇರುವ ಲೆಕ್ಕಗಳು ಪುಟಗಟ್ಟಲೆ ಸಿಗುತ್ತವೆ. ಅವನ್ನು ತುಂಬಲು ಮಕ್ಕಳ ಬಳಿ ಎರಡು ಸೂತ್ರಗಳಿವೆ. ‘ಬಲಕ್ಕೆ ಚೂಪಿದ್ದರೆ ಹೆಚ್ಚು, ಎಡಕ್ಕೆ ಚೂಪಿದ್ದರೆ ಕಡಿಮೆ’ ಎಂಬುದು ಒಂದು. ‘ಮೊಸಳೆಗೆ ದುರಾಸೆ, ದೊಡ್ಡ ಸಂಖ್ಯೆಯ ಕಡೆ ಬಾಯಿ ತೆರೆಯುತ್ತದೆ’ ಎಂಬುದು ಇನ್ನೊಂದು. ಮೊಸಳೆ ಜಗತ್ತಿನ ಎಷ್ಟೋ ದೇಶಗಳ ಶಾಲೆಗಳಲ್ಲಿ ಓಡಾಡುವ ಪ್ರಾಣಿ. ಕೃಷ್ಣಾ ತೀರದ ನಮ್ಮ ಭಾಗದ ಮಕ್ಕಳಿಗಂತೂ ಅದನ್ನು ಪರಿಚಯ ಮಾಡಿಸಬೇಕಿಲ್ಲ.

ಮೊಸಳೆಯ ಕಥೆ ಬಾಯಿಪಾಠದ ಸೂತ್ರಕ್ಕಿಂತ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ನನ್ನ ತಕರಾರು ಇರುವುದೇ ಅಲ್ಲಿ. ಅದು ಕಥೆಯ ಅಂಗಿ ತೊಟ್ಟ ಸೂತ್ರ. ಕಥೆ ಎಂದರೆ ಅದರಲ್ಲಿ ಏನಾದರೂ ನಡೆಯಬೇಕು, ಒಂದು ಘಟನೆಯಿಂದ ಇನ್ನೊಂದು ಹುಟ್ಟಬೇಕು. ಇಲ್ಲಿ ಮೊಸಳೆ ಬಾಯಿ ತೆರೆದು ನಿಂತಿದೆ, ಅಷ್ಟೇ. ಯಾವುದು ಹೆಚ್ಚು ಎಂದು ಅದಕ್ಕೆ ಹೇಗೆ ಗೊತ್ತಾಯಿತು? ಎರಡೂ ಕಡೆ ಸಮ ಇದ್ದರೆ ಅದು ಏನು ಮಾಡುತ್ತದೆ? ಇದಕ್ಕೆ ಆ ಕಥೆಯಲ್ಲಿ ಉತ್ತರ ಇಲ್ಲ. ಜೊತೆಗೆ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂದು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಹಾಗಾಗಿ ‘ಏಳು ದೊಡ್ಡದು, ಅದು ನಾಲ್ಕನ್ನು ತಿನ್ನುತ್ತದೆ’ ಎಂದು ತರ್ಕಿಸಿ ಬಾಯಿಯನ್ನು ನಾಲ್ಕರ ಕಡೆ ತಿರುಗಿಸುವ ಮಗು ಪೆದ್ದು ಮಗುವಲ್ಲ. ಅದು ತನ್ನ ತಲೆಯನ್ನೇ ಬಳಸಿದೆ. ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನು ಮತ್ತೆ ಬಾಯಿಪಾಠವೇ ಮಾಡಬೇಕಾದರೆ ಮೊಸಳೆಯಿಂದ ಆದ ಲಾಭವೇನು?

ಇದಕ್ಕಿಂತ ಆಳದ ತೊಡಕು ನಮ್ಮ ಭಾಷೆಗೆ ಸಂಬಂಧಿಸಿದ್ದು. ಇಂಗ್ಲಿಷ್‌ನವರು 5 > 3 ಎಂಬುದನ್ನು ಬರೆದ ಕ್ರಮದಲ್ಲೇ ಓದಿಕೊಂಡು ಹೋಗುತ್ತಾರೆ. ಅವರ ಮಾತಿನಲ್ಲಿ ಮೊದಲು ಐದು, ಆಮೇಲೆ ‘ಹೆಚ್ಚು’ ಎಂಬ ಮಾತು, ಕೊನೆಗೆ ಮೂರು. ಕನ್ನಡದ ನಡಿಗೆ ಬೇರೆ. ನಮ್ಮಲ್ಲಿ ‘ಹೆಚ್ಚು’, ‘ಕಡಿಮೆ’ ಎಂಬ ಮಾತು ವಾಕ್ಯದ ಕೊನೆಯಲ್ಲಿ ಬರುತ್ತದೆ. ಹೋಲಿಕೆಗೆ ಇಟ್ಟುಕೊಂಡ ಸಂಖ್ಯೆಗೆ ‘ಕ್ಕಿಂತ’ ಅಂಟಿಕೊಳ್ಳುತ್ತದೆ, ಮಾತಿನಲ್ಲಿ ಅದೇ ಮುಂದೆ ಬರುವುದು ಸಹಜ: ‘ಮೂರಕ್ಕಿಂತ ಐದು ಹೆಚ್ಚು’. ಕಿವಿಗೆ ಬಿದ್ದ ಈ ವಾಕ್ಯವನ್ನು ಮಗು ಬರೆಯಹೊರಟರೆ ಏನಾಗುತ್ತದೆ? ಮೊದಲು ಕೇಳಿದ 3 ಮೊದಲು, ಆಮೇಲೆ ಕೇಳಿದ 5 ಆಮೇಲೆ, ನಡುವೆ ‘ಹೆಚ್ಚು’ ಎಂದು ಉರುಹೊಡೆದ ಚಿಹ್ನೆ. ಹಾಳೆಯ ಮೇಲೆ 3 > 5 ಎಂದು ಮೂಡುತ್ತದೆ. ಮಗುವಿಗೆ ಎಣಿಕೆ ಗೊತ್ತು, ಕನ್ನಡ ಗೊತ್ತು, ಸೂತ್ರವೂ ಗೊತ್ತು. ಆದರೂ ಉತ್ತರ ತಪ್ಪು. ಕೆಂಪು ಪೆನ್ನಿನ ಗೀರು ಬಿದ್ದಾಗ ತನ್ನ ತಪ್ಪೇನೆಂದು ಅದಕ್ಕೆ ತಿಳಿಯುವುದೇ ಇಲ್ಲ.

ಹಾಗಾದರೆ ಕಥೆ ಹೇಗಿರಬೇಕು? ಅದರಲ್ಲಿ ಎಣಿಸುವ ಕೆಲಸ ಇರಬೇಕು. ಚಿಹ್ನೆ ಆ ಕೆಲಸದಿಂದಲೇ ಹುಟ್ಟಬೇಕು. ಯಾರು ಮೊದಲು ಮಾತಾಡುತ್ತಾರೆ ಎಂಬುದು ಅದರಲ್ಲಿ ಸ್ಪಷ್ಟವಿರಬೇಕು. ನಾನು ಹೇಳುವ ಕಥೆ ಇದು.

ಕೋಟೆ ಹತ್ತಿರದ ಓಣಿಯಲ್ಲಿ ಒಬ್ಬ ಅಜ್ಜಿ. ಅವಳ ಮನೆಗೆ ಒಂದು ದಿನ ಇಲಿ ಮತ್ತು ಆನೆ ಊಟಕ್ಕೆ ಬಂದವು. ಅಜ್ಜಿ ಬಿಸಿ ಬಿಸಿ ಜೋಳದ ರೊಟ್ಟಿ ಬಡಿದು, ಒಂದರ ಮೇಲೊಂದು ಪೇರಿಸಿ, ಇಬ್ಬರ ಮುಂದೆಯೂ ಇಟ್ಟಳು. ಇಲಿಗೆ ಐದು, ಆನೆಗೆ ಮೂರು. ಆನೆ ಸೊಂಡಿಲು ಎತ್ತಿ, ‘ನಾನು ದೊಡ್ಡವ, ಅದಕ್ಕ ನನಗ ಜಾಸ್ತಿ ಹಾಕ್ಯಾಳ’ ಎಂದಿತು. ಇಲಿ ಒಪ್ಪಲಿಲ್ಲ. ‘ನೀನೊಂದು ತೆಗಿ, ನಾನೊಂದು ತೆಗೀತೀನಿ, ನೋಡೋಣು’ ಎಂದಿತು. ಇಬ್ಬರೂ ಒಂದೊಂದೇ ರೊಟ್ಟಿ ತೆಗೆದು ಜೋಡಿ ಮಾಡಿದರು. ಮೂರು ಜೋಡಿ ಆದ ಮೇಲೆ ಆನೆಯ ತಟ್ಟೆ ಖಾಲಿ, ಇಲಿಯ ತಟ್ಟೆಯಲ್ಲಿ ಇನ್ನೂ ಎರಡು. ರೊಟ್ಟಿಗಳನ್ನು ಮತ್ತೆ ಮೊದಲಿನಂತೆ ಪೇರಿಸಿದರು. ಅಜ್ಜಿ ಕಸಬರಿಗೆಯಿಂದ ಎರಡು ಕಡ್ಡಿ ಮುರಿದು ತಂದಳು. ಒಂದನ್ನು ಎರಡೂ ರಾಶಿಗಳ ತಲೆಯ ಮೇಲೆ ಅಡ್ಡ ಇಟ್ಟಳು, ಇನ್ನೊಂದನ್ನು ಎರಡರ ಬುಡದಲ್ಲಿ ಇಟ್ಟಳು. ಇಲಿಯ ಕಡೆ ಕಡ್ಡಿಗಳ ನಡುವಿನ ಜಾಗ ಅಗಲವಾಯಿತು, ಆನೆಯ ಕಡೆ ಕಿರಿದಾಯಿತು.

ಇಲಿ ಹೇಳಿತು: ‘ನನ್ನ ಐದು, ನಿನ್ನ ಮೂರಕ್ಕಿಂತ ಹೆಚ್ಚು.’ ಆನೆ ಎದುರು ಬದಿಗೆ ಹೋಗಿ ನೋಡಿತು. ಅಲ್ಲಿಂದ ತನ್ನ ರಾಶಿ ಎಡಕ್ಕೆ, ಇಲಿಯ ರಾಶಿ ಬಲಕ್ಕೆ ಕಂಡಿತು. ‘ಅಜ್ಜಿ, ನೀನು ಕಡ್ಡಿ ತಿರುವಿ ಇಟ್ಟೀಯೇನು?’ ಎಂದು ಕೇಳಿತು. ‘ಕಡ್ಡಿ ಅವೇ ಅದಾವಪ್ಪ, ನೀನು ನಿಂತ ಕಡೆ ಬ್ಯಾರೆ ಆತು’ ಎಂದಳು ಅಜ್ಜಿ. ಆಗ ಆನೆ ಮೆಲ್ಲಗೆ ಹೇಳಿತು: ‘ನನ್ನ ಮೂರು, ನಿನ್ನ ಐದಕ್ಕಿಂತ ಕಡಿಮೆ.’ ಆನೆಯ ಸಪ್ಪೆ ಮುಖ ನೋಡಿ ಇಲಿಗೆ ಪಾಪ ಅನ್ನಿಸಿತು. ತನ್ನದೊಂದು ರೊಟ್ಟಿಯನ್ನು ಆನೆಗೆ ಕೊಟ್ಟಿತು. ಇಲಿಗೆ ನಾಲ್ಕು, ಆನೆಗೆ ನಾಲ್ಕು. ಮೇಲಿನ ಕಡ್ಡಿ ಕೆಳಗಿನ ಕಡ್ಡಿಗೆ ಸಮನಾಗಿ ನಿಂತಿತು.

ಕಥೆ ಇಷ್ಟೇ. ಆದರೆ ಇದರೊಳಗೆ 5 > 3, 3 < 5, 4 = 4 ಮೂರೂ ಇವೆ. ಮೂರನ್ನೂ ಅದೇ ಎರಡು ಕಡ್ಡಿಗಳು ಮಾಡಿವೆ.

ಇದನ್ನು ತರಗತಿಯಲ್ಲಿ ಆಡಿಸಲು ಖಾಲಿ ಕಡ್ಡಿಪೆಟ್ಟಿಗೆ ಮತ್ತು ಕಸಬರಿಗೆ ಕಡ್ಡಿ ಸಾಕು. ಪೆಟ್ಟಿಗೆಗಳು ಒಂದೇ ಅಳತೆಯವು ಇರಲೇಬೇಕು. ಒಂದು ದಪ್ಪ, ಒಂದು ತೆಳು ಇದ್ದರೆ ಮೂರರ ಗೋಪುರವೇ ನಾಲ್ಕರದ್ದಕ್ಕಿಂತ ಎತ್ತರವಾಗಿ ಕಥೆ ಕೆಡುತ್ತದೆ. ಮೊದಲ ದಿನ ಚಿಹ್ನೆಯ ಸುದ್ದಿಯೇ ಬೇಡ. ಕಥೆ ಹೇಳಿ, ಒಂದಕ್ಕೊಂದು ಜೋಡಿ ಮಾಡಿಸಿ. ಈ ಹೆಜ್ಜೆಯನ್ನು ಹಾರಿಸಬಾರದು. ಐದು ವರ್ಷ ದಾಟಿದ ಎಷ್ಟೋ ಮಕ್ಕಳಿಗೆ ಒತ್ತೊತ್ತಾಗಿ ಇಟ್ಟ ಆರು ಹುಣಸೆ ಬೀಜಕ್ಕಿಂತ ದೂರ ದೂರ ಇಟ್ಟ ಐದು ಬೀಜಗಳೇ ಹೆಚ್ಚಾಗಿ ಕಾಣುತ್ತವೆ. ಉದ್ದ ನೋಡಿ ತೀರ್ಮಾನಿಸುವ ಆ ಕಣ್ಣಿಗೆ ಮದ್ದು ಜೋಡಿ ಮಾಡುವುದು. ಆನೆ–ಇಲಿಯನ್ನು ಆರಿಸಿಕೊಂಡದ್ದೂ ಅದಕ್ಕೇ. ನಾವು ಹೋಲಿಸುತ್ತಿರುವುದು ಗಾತ್ರವನ್ನಲ್ಲ, ಎಣಿಕೆಯನ್ನು ಎಂದು ಕಥೆಯೇ ಹೇಳುತ್ತದೆ.

ಎರಡನೇ ದಿನ ಗೋಪುರ ಮತ್ತು ಕಡ್ಡಿ. ಮೇಜಿನ ಈಚೆ ಒಬ್ಬರು ಇಲಿ, ಆಚೆ ಒಬ್ಬರು ಆನೆ. ಒಂದೇ ನಿಯಮ: ನಿನ್ನ ಎಡಗೈ ಕಡೆ ಇರುವುದೇ ನಿನ್ನ ಗೋಪುರ, ನೀನು ಅದರ ಪರವಾಗಿ ಮಾತಾಡು. ಈಚೆಯ ಮಗು ‘ನನ್ನ ಐದು, ನಿನ್ನ ಮೂರಕ್ಕಿಂತ ಹೆಚ್ಚು’ ಎಂದರೆ, ಆಚೆಯ ಮಗು ‘ನನ್ನ ಮೂರು, ನಿನ್ನ ಐದಕ್ಕಿಂತ ಕಡಿಮೆ’ ಎನ್ನುತ್ತದೆ. ಆಮೇಲೆ ಇಬ್ಬರೂ ಜಾಗ ಬದಲಿಸುತ್ತಾರೆ. ಕನ್ನಡದ ‘ಕ್ಕಿಂತ’ ಎದುರಿನವರ ಸಂಖ್ಯೆಗೆ ಅಂಟುತ್ತದೆ ಎಂಬುದು ಹೀಗೆ ಮಾತಾಡುತ್ತಲೇ ನಾಲಿಗೆಗೆ ಕೂರುತ್ತದೆ. ವ್ಯಾಕರಣ ಹೇಳಬೇಕಾಗಿಲ್ಲ. ಎಡಗಡೆಯವನೇ ಮೊದಲು ಮಾತಾಡುವವನು ಎಂಬುದು ಗಟ್ಟಿಯಾದರೆ 3 > 5 ಎಂಬ ತಪ್ಪಿನ ಬೇರೇ ಸಡಿಲವಾಗುತ್ತದೆ.

ಮೂರನೇ ದಿನ ಹಾಳೆ. ಇಲ್ಲಿ ಒಂದು ತೊಡಕಿದೆ. ಐದು ಮತ್ತು ಮೂರರ ಮೇಲಿಟ್ಟ ಕಡ್ಡಿಗಳು ನಿಜವಾಗಿ ತುದಿ ಕೂಡುವುದಿಲ್ಲ, ಒಂದರ ಕಡೆಗೊಂದು ಬಾಗುತ್ತವೆ ಅಷ್ಟೇ. ಪುಸ್ತಕದ ಚಿಹ್ನೆಯಲ್ಲಿ ಮಾತ್ರ ಅವು ಕೂಡುತ್ತವೆ. ಒಬ್ಬ ಹುಡುಗಿ ಇದನ್ನು ಗಮನಿಸಿ, ‘ಅಕ್ಕಾ, ಇವು ಕೂಡವಲ್ಲವು’ ಎಂದಳು. ಆಗ ಆನೆಯ ರೊಟ್ಟಿಗಳನ್ನು ಒಂದೊಂದೇ ತೆಗೆಸಿದೆ. ಮೂರು, ಎರಡು, ಒಂದು. ಸೊನ್ನೆ ಆದಾಗ ಮೇಲಿನ ಕಡ್ಡಿಯ ತುದಿ ಕೆಳಗಿನದಕ್ಕೆ ತಾಗಿತು. ಐದು ಮತ್ತು ಸೊನ್ನೆಯ ನಡುವೆ ಪೂರ್ತಿ ಚಿಹ್ನೆ ಸಿಕ್ಕಿತು. ಬರೆಯುವಾಗ ಸುಲಭವಾಗಲಿ ಎಂದು ನಾವು ಯಾವಾಗಲೂ ತುದಿ ಕೂಡಿಸಿಯೇ ಬರೆಯುತ್ತೇವೆ ಎಂದು ಹೇಳಿದರೆ ಮಕ್ಕಳು ಒಪ್ಪುತ್ತಾರೆ. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬಹುದು. ಈ ಚಿಹ್ನೆ ಯಾವುದು ಹೆಚ್ಚು ಎಂದು ಮಾತ್ರ ಹೇಳುತ್ತದೆ, ಎಷ್ಟು ಹೆಚ್ಚು ಎಂದು ಹೇಳುವುದಿಲ್ಲ. ಎಷ್ಟು ಎಂಬುದಕ್ಕೆ ಜೋಡಿ ಮಾಡಿ ಉಳಿದದ್ದನ್ನು ಎಣಿಸಬೇಕು. ಅದು ಮುಂದೆ ಕಳೆಯುವ ಲೆಕ್ಕವಾಗುತ್ತದೆ.

ಕಡ್ಡಿಗಳ ಈ ಕಥೆ ಚಿಹ್ನೆಗಳ ಹುಟ್ಟಿಗೂ ದೂರದ್ದಲ್ಲ. ಸಮ ಚಿಹ್ನೆಯನ್ನು 1557ರಲ್ಲಿ ಅಚ್ಚಿಗೆ ತಂದ ರಾಬರ್ಟ್ ರೆಕಾರ್ಡ್ ಅದಕ್ಕೆ ಕೊಟ್ಟ ಕಾರಣ ಸರಳ: ಸಮಾನಾಂತರವಾದ ಎರಡು ಗೆರೆಗಳಿಗಿಂತ ಹೆಚ್ಚು ಸಮನಾದವು ಬೇರೆ ಯಾವುವೂ ಇರಲಾರವು. ಹೆಚ್ಚು, ಕಡಿಮೆಯ ಚಿಹ್ನೆಗಳು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷಗಳ ಮೇಲೆ ಹೊರಬಂದ ಅವರ ಪುಸ್ತಕದಲ್ಲಿ. ಸಮವಾಗಿರುವ ಎರಡು ಗೆರೆಗಳ ಪಕ್ಕದಲ್ಲಿ ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ಎರಡು ಗೆರೆಗಳನ್ನು ಇಟ್ಟು ನೋಡಿದರೆ ಅರ್ಥ ತಾನಾಗಿ ಹೊಳೆಯುತ್ತದೆ. ಹಲ್ಲು, ಕಣ್ಣು, ನಾಲಿಗೆ ಬರೆದು ಅಲಂಕರಿಸುವ ಅಗತ್ಯ ಇಲ್ಲ.

ಇಪ್ಪತ್ತರ ಆಚೆ ಹೋದರೆ ರೊಟ್ಟಿ ಪೇರಿಸುವುದು ಕಷ್ಟ. 19 ಮತ್ತು 21ರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಕೆಲವು ಮಕ್ಕಳು ಒಂಬತ್ತು ಕಣ್ಣಿಗೆ ಹೊಡೆದು 19 ಎನ್ನುತ್ತಾರೆ. ಆಗ ಅಜ್ಜಿ ಹತ್ತು ಹತ್ತು ರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಾಳೆ. 19 ಎಂದರೆ ಒಂದು ಗಂಟು, ಒಂಬತ್ತು ಬಿಡಿ. 21 ಎಂದರೆ ಎರಡು ಗಂಟು, ಒಂದು ಬಿಡಿ. ಮೊದಲು ಗಂಟು ಹೋಲಿಸು, ಗಂಟು ಸಮ ಇದ್ದರೆ ಮಾತ್ರ ಬಿಡಿ ನೋಡು. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಇಪ್ಪತ್ತೊಂದು ಎನ್ನುವಾಗ ಗಂಟಿನ ಹೆಸರು ಮೊದಲು, ಬಿಡಿಯ ಹೆಸರು ಆಮೇಲೆ. ಬರೆಯುವ ಕ್ರಮವೂ ಅದೇ. ಮುದಗಲ್‌ನಲ್ಲಿ ಉರ್ದು ಮನೆಮಾತಿನ ಮಕ್ಕಳೂ ಬಹಳ. ಅವರ ‘ಇಕ್ಕೀಸ್’ನಲ್ಲಿ ಒಂದರ ಸದ್ದು ಮೊದಲು ಬರುತ್ತದೆ, ‘ಉನ್ನೀಸ್’ ಎಂಬುದು ಇಪ್ಪತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದ ಮಾತು. ಆ ಮಕ್ಕಳಿಗೆ ಗಂಟು ಮುಟ್ಟಿ ನೋಡುವ ಅವಕಾಶ ಇನ್ನಷ್ಟು ಬೇಕು.

ಮಗುವಿಗೆ ನಿಜವಾಗಿ ತಿಳಿದಿದೆಯೇ, ಇಲ್ಲಾ ಸೂತ್ರ ನಡೆಸುತ್ತಿದೆಯೇ ಎಂದು ಕಂಡುಹಿಡಿಯಲು ಖಾಲಿ ಚೌಕ ತುಂಬಿಸುವುದರಿಂದ ಆಗದು. ಅಲ್ಲಿ ಇರುವುದೇ ಮೂರು ಆಯ್ಕೆ, ಊಹೆಗೂ ಅಂಕ ಸಿಗುತ್ತದೆ. ಅದರ ಬದಲು ಎರಡು ಪ್ರಶ್ನೆ ಸಾಕು. ಮೊದಲನೆಯದು, ಚಿಹ್ನೆ ಹಾಕಿಯೇ ಕೊಟ್ಟು ಓದಿಸುವುದು. 2 < 6 ಎಂಬುದನ್ನು ‘ಆರು ದೊಡ್ಡದು’ ಎಂದಷ್ಟೇ ಹೇಳಿ ನಿಲ್ಲಿಸುವ ಮಗು ಇನ್ನೂ ಬಾಯಿಯನ್ನೇ ನೋಡುತ್ತಿದೆ ಎಂದರ್ಥ. ಎರಡನೆಯದು, ಸಂಖ್ಯೆಯ ಜಾಗವನ್ನು ಖಾಲಿ ಬಿಡುವುದು: 5 > ☐. ಸೂತ್ರದ ಮಗು ಒಂದು ಸಂಖ್ಯೆ ಬರೆದು ಮುಗಿಸುತ್ತದೆ. ರೊಟ್ಟಿ ಪೇರಿಸಿದ ಮಗುವಿಗೆ ‘ಇನ್ನೊಂದು ಹೇಳು’ ಎಂದರೆ ನಾಲ್ಕು, ಮೂರು, ಎರಡು, ಒಂದು ಎಂದು ಇಳಿಯುತ್ತಾ ಹೋಗಿ, ಕೊನೆಗೆ ‘ಖಾಲಿ ತಟ್ಟಿನೂ ನಡಿತೈತಿ’ ಎನ್ನುತ್ತದೆ. ಐದು ಉತ್ತರಗಳಿವೆ, ಐದನ್ನೂ ಅದು ತಾನೇ ಕಂಡುಕೊಂಡಿದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಆಕ್ಷೇಪ ಸಹಜ. ಸರ್ಕಾರಿ ಶಾಲೆಯ ನಲಿ–ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಹಲವು ಕಡೆ ಶಿಕ್ಷಕರು ಒಬ್ಬರೇ. ಆದರೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯದ ತುಂಬ ಹಬ್ಬಿದ ನಲಿ–ಕಲಿಯ ಮೂಲ ವಿಚಾರವೇ ಮಾಡಿ ಕಲಿಯುವುದು, ಒಬ್ಬರಿಂದೊಬ್ಬರು ಕಲಿಯುವುದು. ಮೂರನೇ ತರಗತಿಯ ಮಗು ಅಜ್ಜಿಯಾಗಿ ಕಡ್ಡಿ ಹಿಡಿದರೆ ಶಿಕ್ಷಕರು ಬೇರೆ ಗುಂಪಿನ ಜೊತೆ ಇರಬಹುದು. ಮೂರು ದಿನ ಹೆಚ್ಚು ಹಿಡಿಯುವುದು ನಿಜ. ಆದರೆ ಬಾಯಿಪಾಠದ ಚಿಹ್ನೆಯನ್ನು ಪ್ರತಿ ವರ್ಷ ಜೂನ್‌ನಲ್ಲಿ ಮತ್ತೆ ನೆನಪಿಸಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಬೇಕಲ್ಲ.

ರೊಟ್ಟಿ ಕಥೆಗೂ ಒಂದು ಗಡಿ ಇದೆ. ಮುಂದಿನ ತರಗತಿಗಳಲ್ಲಿ ಋಣ ಸಂಖ್ಯೆಗಳು ಬಂದಾಗ -5 ಮತ್ತು -3ರಲ್ಲಿ ಯಾವುದು ಹೆಚ್ಚು ಎಂದು ಅದು ಹೇಳಲಾರದು. ಸೊನ್ನೆಗಿಂತ ಕಡಿಮೆ ರೊಟ್ಟಿ ಯಾವ ಅಜ್ಜಿಯೂ ಬಡಿಯುವುದಿಲ್ಲ. ಆಗ ಸಂಖ್ಯಾರೇಖೆ ಬೇಕು. ಆದರೆ ‘ಎಡಗಡೆಯವನು ಮೊದಲು ಮಾತಾಡುತ್ತಾನೆ’ ಎಂಬ ಓದಿನ ಅಭ್ಯಾಸ ಅಲ್ಲೂ ಬದಲಾಗುವುದಿಲ್ಲ. ಕಥೆ ಬಿಟ್ಟುಹೋದರೂ ಓದು ಉಳಿಯುತ್ತದೆ. ಮೊಸಳೆ ಬಿಟ್ಟುಹೋದರೆ ಉಳಿಯುವುದು ತಡವರಿಕೆ ಮಾತ್ರ.

ಆ ತಡವರಿಕೆಯ ಬೆಲೆ ಎಷ್ಟೆಂದು ನೌಕರಿ ಹುಡುಕುತ್ತಿರುವ ನಮಗೆ ಹೇಳಬೇಕಿಲ್ಲ. ಬ್ಯಾಂಕ್ ಪರೀಕ್ಷೆಯ ತಾರ್ಕಿಕ ವಿಭಾಗದಲ್ಲಿ A > B = C < D ಎಂದು ಕೊಟ್ಟು, A ಮತ್ತು D ಬಗ್ಗೆ ಏನು ಹೇಳಬಹುದು ಎಂದು ಕೇಳುತ್ತಾರೆ. ಎರಡೂ ಬಾಯಿಗಳು ಹೊರಕ್ಕೆ ತೆರೆದಿವೆ, ಈಗ ಮೊಸಳೆ ಯಾರನ್ನು ತಿನ್ನಬೇಕು? ರೊಟ್ಟಿ ಇಟ್ಟು ನೋಡಿ. B ಮತ್ತು C ಬಳಿ ಮೂರು ಮೂರು. A ಬಳಿ ಮೂರಕ್ಕಿಂತ ಹೆಚ್ಚು, D ಬಳಿಯೂ ಮೂರಕ್ಕಿಂತ ಹೆಚ್ಚು. A ಬಳಿ ನಾಲ್ಕು, D ಬಳಿ ಹತ್ತು ಇರಬಹುದು, ತಿರುಗುಮುರುಗೂ ಇರಬಹುದು, ಸಮವೂ ಇರಬಹುದು. ಹೇಳಲಾಗದು ಎಂಬುದೇ ಸರಿ ಉತ್ತರ.

ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಡಿ.ಎಡ್., ಬಿ.ಎಡ್. ಮುಗಿಸಿ ಅತಿಥಿ ಶಿಕ್ಷಕರಾಗಿಯೋ, ಕಾಯಂ ಆಗಿಯೋ ಚಿಕ್ಕ ಮಕ್ಕಳ ಮುಂದೆ ನಿಲ್ಲುವವರು. ಈಗಲೇ ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳ ಹೋಮ್‌ವರ್ಕ್ ನೋಡುವವರೂ ನಾವೇ. ಚಿಹ್ನೆ ತಪ್ಪಿ ಬರೆದ ಮಗುವಿಗೆ ‘ಬಾಯಿ ಎಲ್ಲಿ ನೋಡು’ ಎನ್ನುವ ಮೊದಲು ‘ನೀನು ಬರೆದದ್ದನ್ನು ಎಡದಿಂದ ಓದು’ ಎಂದು ಕೇಳೋಣ. ಓದಲು ಬಾರದಿದ್ದರೆ ಅಡುಗೆಮನೆಯ ಬುಟ್ಟಿಯಲ್ಲಿ ರೊಟ್ಟಿ ಇದ್ದೇ ಇರುತ್ತವೆ, ಕಸಬರಿಗೆಯಲ್ಲಿ ಎರಡು ಕಡ್ಡಿಯೂ ಸಿಗುತ್ತವೆ.